ರೆಫರ್ ಮಾಡಿದವರಿಗೆ ಥ್ಯಾಂಕ್ಸ್ ಹೇಳುವುದು, ಫಲಿತಾಂಶ ತಿಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಹೆಚ್ಚಾಗಿ ಬೆಂಗಳೂರಿನ ಐಟಿ ಮತ್ತು ಅದರ ಸುತ್ತಮುತ್ತಲಿನ ಕಂಪನಿಗಳ ವಿಷಯ. ಅಂದರೆ ಒಳಗೆ ಕೆಲಸ ಮಾಡುವವರು ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಹಾಕಿ ರೆಫರ್ ಮಾಡುವ ಕ್ರಮ. ನಿಯಮಗಳು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ ಇರುತ್ತವೆ. ನಿಮ್ಮ ವಿಷಯದಲ್ಲಿ ಏನು ಅನ್ನುವುದನ್ನು ರೆಫರ್ ಮಾಡಿದವರನ್ನೇ ಕೇಳಿಕೊಳ್ಳಿ.

ನನ್ನ ಅರ್ಜಿ ಏನಾಯ್ತು ಅಂತ ರೆಫರ್ ಮಾಡಿದವರಿಗೆ ಕಂಪನಿಯೇ ತಿಳಿಸುವುದಿಲ್ಲವೇ?

ತಿಳಿಸುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಅದಕ್ಕೇ ಸುಮ್ಮನಿದ್ದುಬಿಡುತ್ತಾರೆ. ನಿಜವಾಗಿ ಅವರಿಗೆ ಕಾಣುವುದು ತುಂಬಾ ಕಡಿಮೆ. ರೆಫರಲ್ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಮುಂದೆ 'ಪ್ರೋಸೆಸ್‌ನಲ್ಲಿದೆ' ಅಂತಲೋ 'ಮುಗಿದಿದೆ' ಅಂತಲೋ ಒಂದು ಸ್ಟೇಟಸ್ ಇರುತ್ತದೆ, ಅಷ್ಟೇ. ಯಾವ ರೌಂಡಿನಲ್ಲಿ ನಿಂತಿತು, ಯಾಕೆ ನಿಂತಿತು ಅನ್ನುವುದು ಅಲ್ಲಿ ಇರುವುದಿಲ್ಲ. ಎಷ್ಟೋ ಸಲ ಆ ಸ್ಟೇಟಸ್ ವಾರಗಟ್ಟಲೆ ಬದಲಾಗುವುದೇ ಇಲ್ಲ. ಇಂಟರ್‌ವ್ಯೂ ಫೀಡ್‌ಬ್ಯಾಕ್ ಇರುವುದು ರಿಕ್ರೂಟರ್ ಮತ್ತು ಪ್ಯಾನೆಲ್‌ನವರ ಹತ್ತಿರ. ಬೇರೆ ಟೀಮಿನಲ್ಲಿರುವವರಿಗೆ ಅದನ್ನು ತೋರಿಸುವುದಿಲ್ಲ, ತೋರಿಸಲೂಬಾರದು.

ಹಾಗಾಗಿ ನಿಮ್ಮಿಂದ ಸುದ್ದಿ ಬರದಿದ್ದರೆ ಅವರಿಗೆ ಬರುವುದು ಅಡ್ಡದಾರಿಯಿಂದ. ಕ್ಯಾಂಟೀನ್‌ನಲ್ಲಿ ರಿಕ್ರೂಟರ್ ಸಿಕ್ಕಿ "ನೀವು ಕಳಿಸಿದ್ರಲ್ಲ, ಆ ಹುಡುಗ ಫೋನೇ ಎತ್ತಲ್ಲ" ಅನ್ನುತ್ತಾರೆ. ಇವರ ಹತ್ತಿರ ಉತ್ತರ ಇರುವುದಿಲ್ಲ. ನೀವು ಆಗ ಊರಿನಲ್ಲಿ ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಇದ್ದಿರಬಹುದು. ಅದು ಅವರಿಗೆ ಗೊತ್ತಾಗುವುದು ಹೇಗೆ?

ಫಲಿತಾಂಶ ಬಂದ ಮೇಲೆ ಒಂದೇ ಸಲ ಥ್ಯಾಂಕ್ಸ್ ಹೇಳಿದರೆ ಸಾಲದೇ?

ಎರಡು ಸಲ ಹೇಳಿ. ರೆಫರ್ ಮಾಡಿದ ದಿನವೇ ಒಂದು ಸಲ, ಫಲಿತಾಂಶದ ಜೊತೆ ಇನ್ನೊಂದು ಸಲ. ಮೊದಲನೆಯದು ಮುಖ್ಯ. ಅವರು ಮಾಡಬೇಕಾದ ಕೆಲಸ ಆ ದಿನವೇ ಮುಗಿದಿದೆ. ಕೆಲಸ ಸಿಗುವುದು ಬಿಡುವುದು ಅವರ ಕೈಯಲ್ಲಿಲ್ಲ. ಕೆಲಸ ಸಿಕ್ಕಮೇಲೆ ಹೇಳೋಣ ಅಂತ ಥ್ಯಾಂಕ್ಸ್ ಅನ್ನು ಎತ್ತಿಟ್ಟುಕೊಂಡವರಿಗೆ, ಸಿಗದಿದ್ದಾಗ ಏನು ಬರೆಯಬೇಕು ಅಂತಲೇ ತೋಚುವುದಿಲ್ಲ. ಆಗ ಸುಮ್ಮನಾಗಿಬಿಡುತ್ತಾರೆ.

ಮೊದಲ ಮೆಸೇಜಿನಲ್ಲಿ ಬರೀ ಥ್ಯಾಂಕ್ಸ್ ಇರುವುದು ಸಾಲದು, ಅವರಿಗೆ ಬೇಕಾದ ಒಂದು ಮಾಹಿತಿಯೂ ಇರಬೇಕು. ಅವರು ಪೋರ್ಟಲ್‌ನಲ್ಲಿ ನಿಮ್ಮ ಮೇಲ್ ಐಡಿ, ರೆಸ್ಯೂಮೆ ಹಾಕಿದ ಕೂಡಲೇ ಬಹಳ ಕಂಪನಿಗಳಲ್ಲಿ ನಿಮಗೊಂದು ಲಿಂಕ್ ಬರುತ್ತದೆ. ಅದನ್ನು ತೆರೆದು ಉಳಿದ ಅರ್ಜಿಯನ್ನು ನೀವೇ ತುಂಬಬೇಕು. ತುಂಬದಿದ್ದರೆ ರೆಫರಲ್ ಅರ್ಧಕ್ಕೇ ನಿಲ್ಲುತ್ತದೆ. ಲಿಂಕ್ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ ಕೂರುವುದೂ ಮಾಮೂಲು. ಆದ್ದರಿಂದ ಹೀಗೆ ಬರೆಯಬಹುದು:

"ಸರ್, ಪೋರ್ಟಲ್‌ನಿಂದ ಲಿಂಕ್ ಬಂತು. ಈಗಷ್ಟೇ ಪೂರ್ತಿ ತುಂಬಿ ಸಬ್ಮಿಟ್ ಮಾಡಿದೆ. ನಿಮ್ಮ ಎಂಪ್ಲಾಯೀ ಐಡಿ ತಾನಾಗೇ ಬಂದಿತ್ತು. ಕೆಲಸದ ಮಧ್ಯೆ ಬಿಡುವು ಮಾಡಿಕೊಂಡು ರೆಫರ್ ಮಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮುಂದೆ ಏನಾದರೂ ಆದರೆ ತಿಳಿಸುತ್ತೇನೆ."

ಇದನ್ನು ಓದಿದ ಮೇಲೆ ಅವರು ನಿಮ್ಮ ವಿಷಯವನ್ನು ತಲೆಯಿಂದ ತೆಗೆದು ತಮ್ಮ ಕೆಲಸ ನೋಡಿಕೊಳ್ಳಬಹುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದೇ ಕಂಪನಿಗೆ ನೀವು ಮೊದಲೇ ಕನ್ಸಲ್ಟೆನ್ಸಿ ಮೂಲಕವೋ ಕರಿಯರ್ ಪೇಜಿನಿಂದ ನೇರವಾಗಿಯೋ ಅರ್ಜಿ ಹಾಕಿದ್ದರೆ ರೆಫರ್ ಮಾಡುವ ಮುಂಚೆಯೇ ತಿಳಿಸಿ. ಸಿಸ್ಟಮ್ ನಿಮ್ಮನ್ನು ಡೂಪ್ಲಿಕೇಟ್ ಅಂತ ತೋರಿಸಬಹುದು. ಆಗ ಇವರ ರೆಫರಲ್ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಮುಚ್ಚಿಟ್ಟು ಆಮೇಲೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಅಷ್ಟಕ್ಕಷ್ಟೇ.

ನಡುವೆ ಪ್ರತಿ ರೌಂಡಿಗೂ ತಿಳಿಸಬೇಕೇ?

ಬೇಡ. ಮೊದಲ ಇಂಟರ್‌ವ್ಯೂ ನಿಗದಿಯಾದಾಗ ಒಂದು ಸಾಲು ಸಾಕು. ಅದರ ಮೇಲೆ ಕೊನೆಯ ಫಲಿತಾಂಶ. ನಡುವೆ ಪ್ರಕ್ರಿಯೆ ತಿಂಗಳಿಗಿಂತ ಜಾಸ್ತಿ ಎಳೆದರೆ "ಇನ್ನೂ ನಡೀತಿದೆ" ಅಂತ ಒಂದು ಸಾಲು ಹಾಕಬಹುದು. ಪ್ರತಿ ರೌಂಡಿನ ನಂತರ ಬರೆಯುತ್ತಾ ಹೋದರೆ ಅದು ಸುದ್ದಿಯಂತೆ ಕೇಳಿಸುವುದಿಲ್ಲ, "ಸ್ವಲ್ಪ ಒಳಗೆ ಹೇಳಿ" ಅಂದಂತೆ ಕೇಳಿಸುತ್ತದೆ. ನಿಮ್ಮ ಮನಸ್ಸಿನಲ್ಲಿ ಅದಿರದಿದ್ದರೂ ಹಾಗೇ ಆಗುತ್ತದೆ.

ಕೆಲಸ ಸಿಗಲಿಲ್ಲ. ಏನಂತ ಬರೆಯುವುದು?

ಈ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ಅದಕ್ಕೇ ಒಂದು ಉದಾಹರಣೆ ಇಟ್ಟುಕೊಂಡು ನಿಧಾನವಾಗಿ ನೋಡೋಣ.

ಹಾಸನದಲ್ಲಿ ಇಂಜಿನಿಯರಿಂಗ್ ಓದಿದ ಹುಡುಗಿ. ಮೂರು ವರ್ಷ ಟೆಸ್ಟಿಂಗ್ ಕೆಲಸ ಮಾಡಿದ್ದಾಳೆ. ಅವಳ ಕಾಲೇಜಿನ ಸೀನಿಯರ್ ಒಬ್ಬರು ಔಟರ್ ರಿಂಗ್ ರೋಡ್‌ನ ಒಂದು ಕಂಪನಿಯಲ್ಲಿದ್ದಾರೆ. ಅವರು ರೆಫರ್ ಮಾಡಿದರು. ರೆಸ್ಯೂಮೆಯಲ್ಲಿ ಒಂದೆರಡು ತಿದ್ದುಪಡಿಯನ್ನೂ ಹೇಳಿದರು. ಇವಳು ಮೊದಲ ರೌಂಡ್ ದಾಟಿದಳು, ಎರಡನೇ ಟೆಕ್ನಿಕಲ್ ರೌಂಡಿನಲ್ಲಿ ನಿಂತಳು. ರಿಜೆಕ್ಟ್ ಆಗಿದೆ ಅನ್ನುವ ಮೇಲ್ ಬಂತು. ಅವಳು ಕಳಿಸಬಹುದಾದ ಮೆಸೇಜ್ ಇದು:

"ಅಕ್ಕಾ, ನಮಸ್ತೆ. ನೀವು ರೆಫರ್ ಮಾಡಿದ್ದ ಟೆಸ್ಟಿಂಗ್ ಕೆಲಸದ ಫಲಿತಾಂಶ ಇವತ್ತು ಬಂತು. ಆಗಲಿಲ್ಲ. ಮೊದಲ ರೌಂಡ್ ಚೆನ್ನಾಗಿ ಹೋಯ್ತು. ಎರಡನೇ ರೌಂಡಿನಲ್ಲಿ ಎಪಿಐ ಆಟೊಮೇಷನ್ ಬಗ್ಗೆ ಜಾಸ್ತಿ ಕೇಳಿದರು, ನಾನು ಅದನ್ನು ಪ್ರಾಜೆಕ್ಟ್‌ನಲ್ಲಿ ಅಷ್ಟಾಗಿ ಮಾಡಿಲ್ಲ. ರಿಕ್ರೂಟರ್ ಕೂಡ ಅದನ್ನೇ ಹೇಳಿದರು. ಆರು ತಿಂಗಳಾದ ಮೇಲೆ ಮತ್ತೆ ಅಪ್ಲೈ ಮಾಡಬಹುದಂತೆ. ಪ್ರಾಜೆಕ್ಟ್ ವಿವರ ಮೊದಲ ಪುಟಕ್ಕೆ ತನ್ನಿ ಅಂತ ನೀವು ಹೇಳಿದ್ದಿರಲ್ಲ, ಪ್ಯಾನೆಲ್‌ನವರು ಶುರು ಮಾಡಿದ್ದೇ ಅಲ್ಲಿಂದ. ತುಂಬಾ ಥ್ಯಾಂಕ್ಸ್ ಅಕ್ಕಾ. ಈಗ ನೀವೇನೂ ಮಾಡೋದು ಬೇಡ, ತಿಳಿಸಿಬಿಡೋಣ ಅಂತ ಬರೆದೆ."

ಇದರಲ್ಲಿ ಗಮನಿಸಬೇಕಾದದ್ದು ಮೂರು. "ಆಗಲಿಲ್ಲ" ಅನ್ನುವ ಮಾತು ಎರಡನೇ ಸಾಲಿನಷ್ಟರಲ್ಲೇ ಬಂದಿದೆ. ಸುತ್ತಿಬಳಸಿ ಬರೆದರೆ ಓದುವವರು ಫಲಿತಾಂಶ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಎರಡನೆಯದು, ಯಾವ ಹಂತದಲ್ಲಿ ನಿಂತಿತು ಅನ್ನುವುದು. ಜನ ಬಿಟ್ಟುಬಿಡುವುದು ಇದನ್ನೇ. ಆದರೆ ರೆಫರ್ ಮಾಡಿದವರಿಗೆ ಬಹಳ ಉಪಯೋಗಕ್ಕೆ ಬರುವುದೂ ಇದೇ. ರೆಸ್ಯೂಮೆ ಹಂತದಲ್ಲೇ ಹೋಗಿದ್ದರೆ, ಆ ಹುದ್ದೆಗೆ ನಿಮ್ಮ ಅನುಭವ ಹೊಂದಲಿಲ್ಲ ಅಂತಲೋ, ಹುದ್ದೆ ಆಗಲೇ ತುಂಬಿತ್ತು ಅಂತಲೋ ಅರ್ಥ. ಆಗ ಅವರು ಇನ್ನೊಂದು ಓಪನಿಂಗ್ ನೋಡಿ ಮತ್ತೆ ಹಾಕಲು ಸಾಧ್ಯ. ಟೆಕ್ನಿಕಲ್ ರೌಂಡಿನಲ್ಲಿ ಹೋಗಿದ್ದರೆ ಬಹಳ ಕಂಪನಿಗಳಲ್ಲಿ ಕೂಲಿಂಗ್ ಪೀರಿಯಡ್ ಇರುತ್ತದೆ. ಆರು ತಿಂಗಳು ಅನ್ನುವುದು ಸಾಮಾನ್ಯವಾಗಿ ಕೇಳಿಬರುವ ಅವಧಿ, ಕೆಲವು ಕಡೆ ಅದಕ್ಕಿಂತ ಹೆಚ್ಚೂ ಇರುತ್ತದೆ. ಅದು ಮುಗಿಯುವ ತನಕ ಬೇರೆ ಟೀಮಿಗೆ ಹಾಕಿದರೂ ಸಿಸ್ಟಮ್ ತಡೆಯುತ್ತದೆ. ಎಚ್‌ಆರ್ ರೌಂಡಿನಲ್ಲಿ, ಅಂದರೆ ಸಂಬಳ ಅಥವಾ ನೋಟಿಸ್ ಪೀರಿಯಡ್ ಹೊಂದದೆ ನಿಂತಿದ್ದರೆ, ಅದು ನಿಮ್ಮ ಕೆಲಸದ ಬಗ್ಗೆ ಯಾರೂ ಕೆಟ್ಟದಾಗಿ ಬರೆದಿಲ್ಲ ಅನ್ನುವುದಕ್ಕೆ ಗುರುತು. ಮೂರೂ ಬೇರೆ ಬೇರೆ ಪರಿಸ್ಥಿತಿ. "ಆಗಲಿಲ್ಲ" ಅಂತ ಒಂದೇ ಪದ ಬರೆದರೆ ಮೂರೂ ಒಂದೇ ಥರ ಕಾಣುತ್ತವೆ.

ಮೂರನೆಯದು, ಕೊನೆಯ ಸಾಲು. ಅಲ್ಲಿ ಏನನ್ನೂ ಕೇಳಿಲ್ಲ. "ಬೇರೆ ಯಾವುದಾದರೂ ಇದ್ದರೆ ನೋಡಿ" ಅಂತ ಅದೇ ಮೆಸೇಜಿಗೆ ಅಂಟಿಸಿದರೆ, ಮೇಲಿನ ಥ್ಯಾಂಕ್ಸ್ ಎಲ್ಲ ಆ ಕೋರಿಕೆಗೆ ಪೀಠಿಕೆಯಾಗಿ ಹೋಗುತ್ತದೆ. ಕೇಳಬಾರದು ಅಂತಲ್ಲ. ಒಂದೆರಡು ವಾರ ಬಿಟ್ಟು, ಅವರ ಕಂಪನಿಯ ಕರಿಯರ್ ಪೇಜಿನಲ್ಲಿ ಹೊಂದುವ ಓಪನಿಂಗ್ ನೀವೇ ಹುಡುಕಿ, ಅದರ ಜಾಬ್ ಐಡಿ ಸಮೇತ ಬೇರೆ ಮೆಸೇಜಿನಲ್ಲಿ ಕೇಳಿ. ಆಗ ಅವರಿಗೆ ಹುಡುಕುವ ಕೆಲಸವೂ ತಪ್ಪುತ್ತದೆ. ನನ್ನ ಅನುಭವದಲ್ಲಿ, ಸಿಗದಿದ್ದಾಗ ಹೀಗೆ ನೆಟ್ಟಗೆ ತಿಳಿಸಿದವರನ್ನು ಎರಡನೇ ಸಲ ರೆಫರ್ ಮಾಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಕ್ಷಮೆ ಕೇಳುವುದು ಬೇಡ. "ನಿಮ್ಮ ಮರ್ಯಾದೆ ಕಳೆದೆ" ಅಂತೆಲ್ಲ ಬರೆದರೆ ಅವರು ನಿಮ್ಮನ್ನು ಸಮಾಧಾನ ಮಾಡುತ್ತಾ ಕೂರಬೇಕಾಗುತ್ತದೆ. ರೆಫರಲ್ ಮೂಲಕ ಬಂದವರಲ್ಲಿ ಬಹಳ ಜನ ಆಯ್ಕೆ ಆಗುವುದಿಲ್ಲ. ಒಳಗಿರುವವರಿಗೆ ಇದು ಚೆನ್ನಾಗಿ ಗೊತ್ತು.

ಉತ್ತರವೇ ಬರಲಿಲ್ಲ. ಫಲಿತಾಂಶವೇ ಇಲ್ಲದಿದ್ದರೆ ಏನು ತಿಳಿಸುವುದು?

ಇದೂ ಒಂದು ಫಲಿತಾಂಶವೇ. ಕೊನೆಯ ಇಂಟರ್‌ವ್ಯೂ ಆಗಿ ಎರಡು ವಾರವಾದರೂ ಸುದ್ದಿ ಇಲ್ಲದಿದ್ದರೆ ಮೊದಲು ರಿಕ್ರೂಟರ್‌ಗೆ ಮೇಲ್ ಹಾಕಿ. ಇನ್ನೊಂದು ವಾರ ನೋಡಿ. ಆಮೇಲೂ ಇಲ್ಲವೆಂದರೆ ರೆಫರ್ ಮಾಡಿದವರಿಗೆ ಬರೆಯಿರಿ: "ಅಣ್ಣ, ಕೊನೆಯ ರೌಂಡ್ ಆಗಿ ಮೂರು ವಾರವಾಯ್ತು. ರಿಕ್ರೂಟರ್‌ಗೆ ಮೇಲ್ ಹಾಕಿದ್ದೆ, ಉತ್ತರ ಬಂದಿಲ್ಲ. ನಾನು ಬೇರೆ ಕಡೆ ನೋಡ್ತಾ ಇದ್ದೀನಿ. ನಿಮಗೆ ಗೊತ್ತಿರಲಿ ಅಂತ ಹೇಳಿದೆ."

"ಸ್ವಲ್ಪ ವಿಚಾರಿಸ್ತೀರಾ" ಅಂತ ನೀವು ಕೇಳದಿದ್ದರೂ, ಮನಸ್ಸಿದ್ದವರು ತಾವಾಗಿಯೇ ಒಳಗಿನ ಚಾಟ್‌ನಲ್ಲಿ ರಿಕ್ರೂಟರ್‌ಗೆ ಒಂದು ಮಾತು ಕೇಳುತ್ತಾರೆ. ಹುದ್ದೆಯನ್ನು ಹೋಲ್ಡ್‌ನಲ್ಲಿ ಇಟ್ಟಿದ್ದಾರೆ, ಬಜೆಟ್ ಬಂದಿಲ್ಲ ಅನ್ನುವಂಥ ಸುದ್ದಿ ಹೊರಬರುವುದು ಹೀಗೆ. ರಿಕ್ರೂಟರ್‌ನ ಬಿಟ್ಟು ಮೊದಲೇ ಇವರ ಹತ್ತಿರ ಹೋದರೆ ಮಾತ್ರ ಕೆಲಸ ಕೆಡುತ್ತದೆ. "ನೀವು ಅವರನ್ನು ಕೇಳಿದಿರಾ?" ಅನ್ನುವುದೇ ಅವರ ಮೊದಲ ಪ್ರಶ್ನೆ.

ಪ್ಯಾನೆಲ್‌ನವರು ಸರಿಯಾಗಿ ನಡೆದುಕೊಳ್ಳಲಿಲ್ಲ. ಅದನ್ನೂ ಹೇಳಲೇ?

ನಡೆದದ್ದನ್ನು ಹೇಳಿ, ತೀರ್ಪು ಕೊಡಬೇಡಿ. "ಇಂಟರ್‌ವ್ಯೂ ನಲವತ್ತು ನಿಮಿಷ ತಡವಾಗಿ ಶುರುವಾಯ್ತು, ಜಾವಾ ಹುದ್ದೆಗೆ ಪೂರ್ತಿ ಡಾಟ್‌ನೆಟ್ ಕೇಳಿದರು" ಅಂದರೆ ಅದು ಮಾಹಿತಿ. ಬೇಕಿದ್ದರೆ ಅವರು ಒಳಗೆ ಹೇಳುತ್ತಾರೆ. "ನಿಮ್ಮ ಕಂಪನಿಯವರಿಗೆ ಏನೂ ಗೊತ್ತಿಲ್ಲ" ಅಂದರೆ ಅವರ ಸಹೋದ್ಯೋಗಿಯನ್ನು ಅವರ ಎದುರಿಗೇ ಬೈದಂತೆ. ಹಾಗೇ, ಕೇಳಿದ ಪ್ರಶ್ನೆಗಳ ಪೂರ್ತಿ ಪಟ್ಟಿಯನ್ನು ಅವರಿಗೆ ಕಳಿಸಲು ಹೋಗಬೇಡಿ. ಮುಂದಿನ ಅಭ್ಯರ್ಥಿಗೆ ಕೊಡಲಿ ಅನ್ನುವ ಒಳ್ಳೆಯ ಮನಸ್ಸೇ ಇರಬಹುದು, ಆದರೆ ಅದು ಅವರ ಕೆಲಸಕ್ಕೇ ಕುತ್ತು ತರಬಹುದು.

ಆಫರ್ ಬಂತು! ಯಾವಾಗ ತಿಳಿಸಬೇಕು?

ಆಫರ್ ಲೆಟರ್ ಕೈಗೆ ಬಂದ ದಿನವೇ. "ಸೆಲೆಕ್ಟ್ ಆಗಿದ್ದೀರಿ" ಅಂತ ರಿಕ್ರೂಟರ್ ಫೋನಿನಲ್ಲಿ ಹೇಳಿದ್ದು ಆಫರ್ ಅಲ್ಲ. ಸಂಬಳದ ಮಾತುಕತೆ ಬಾಕಿ ಇರುತ್ತದೆ, ಮೇಲಿನವರ ಒಪ್ಪಿಗೆ ಬಾಕಿ ಇರುತ್ತದೆ. ಅಲ್ಲಿಯೂ ಕೆಲವು ಸಲ ಮುರಿದುಬೀಳುತ್ತದೆ. ಆ ಹಂತದಲ್ಲಿ ಹೇಳಲೇಬೇಕು ಅನ್ನಿಸಿದರೆ "ಸೆಲೆಕ್ಟ್ ಅಂದಿದ್ದಾರೆ, ಲೆಟರ್ ಬಂದ ಮೇಲೆ ಖಚಿತವಾಗಿ ಹೇಳ್ತೀನಿ" ಅನ್ನಿ.

ಆಫರ್ ಸುದ್ದಿಯಲ್ಲಿ ಅವರಿಗೆ ಬೇಕಾದದ್ದು ನೀವು ಒಪ್ಪಿಕೊಂಡಿರಾ, ಯಾವತ್ತು ಸೇರುತ್ತೀರಿ ಅನ್ನುವ ಎರಡೇ ವಿಷಯ. ನಮ್ಮಲ್ಲಿ ನೋಟಿಸ್ ಪೀರಿಯಡ್ 60 ಅಥವಾ 90 ದಿನ ಇರುವುದು ಸಾಮಾನ್ಯ. ಹಾಗಾಗಿ ಆಫರ್‌ಗೂ ಸೇರುವುದಕ್ಕೂ ನಡುವೆ ಎರಡು ಮೂರು ತಿಂಗಳ ಅಂತರ ಬೀಳುತ್ತದೆ. ದಿನಾಂಕ ಹೇಳದಿದ್ದರೆ ಅವರು ಮುಂದಿನ ವಾರವೇ ಕ್ಯಾಂಟೀನ್‌ನಲ್ಲಿ ನಿಮ್ಮನ್ನು ಹುಡುಕುತ್ತಾರೆ.

ಸಂಬಳ ಎಷ್ಟು ಅಂತ ಬರೆಯಬೇಡಿ. ಆಫರ್ ಲೆಟರ್‌ನ ಸ್ಕ್ರೀನ್‌ಶಾಟ್ ಅಂತೂ ಬೇಡವೇ ಬೇಡ. ಬಹಳ ಆಫರ್‌ಗಳಲ್ಲಿ ಸಂಬಳದ ವಿವರ ಗೋಪ್ಯ ಅಂತ ಬರೆದಿರುತ್ತಾರೆ. ಅದು ಹಾಗಿರಲಿ, ಹೊರಗಿನಿಂದ ಬಂದವರಿಗೆ ಒಳಗೆ ವರ್ಷಗಟ್ಟಲೆ ಇದ್ದವರಿಗಿಂತ ಹೆಚ್ಚು ಸಂಬಳ ಸಿಗುವುದು ಈ ಊರಿನಲ್ಲಿ ಹೊಸದೇನಲ್ಲ. ರೆಫರ್ ಮಾಡಿದವರಿಗೆ ಆ ಅಂಕಿ ತೋರಿಸಿ ಥ್ಯಾಂಕ್ಸ್ ಹೇಳಿದರೆ ಅವರ ರಾತ್ರಿಯ ನಿದ್ದೆ ಕೆಟ್ಟೀತು. ಅವರೇ ಕೇಳಿದರೆ? "ನಾನು ಅಂದುಕೊಂಡಷ್ಟು ಕೊಟ್ಟಿದ್ದಾರೆ" ಅನ್ನಿ.

ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಹಾಕುವುದಿದ್ದರೆ ಸೇರಿದ ಮೇಲೆ ಹಾಕಿ. ಆಫರ್ ಲೆಟರ್ ಬಂದಮೇಲೂ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಇರುತ್ತದೆ. ಹಳೇ ಕಂಪನಿಗಳ ದಾಖಲೆ, ಅಂಕಪಟ್ಟಿ ಎಲ್ಲ ನೋಡುತ್ತಾರೆ, ಆಫರ್ ಅದರ ಮೇಲೇ ನಿಂತಿರುತ್ತದೆ. ರೆಫರ್ ಮಾಡಿದವರನ್ನು ಪೋಸ್ಟ್‌ನಲ್ಲಿ ಟ್ಯಾಗ್ ಮಾಡುವ ಮುಂಚೆ ಕೇಳಿ. ಟ್ಯಾಗ್ ಆದ ಮರುದಿನ ಗುರುತೇ ಇಲ್ಲದ ಜನರಿಂದ "ನನ್ನನ್ನೂ ರೆಫರ್ ಮಾಡಿ" ಅನ್ನುವ ಮೆಸೇಜ್‌ಗಳು ಅವರ ಇನ್‌ಬಾಕ್ಸ್ ತುಂಬುತ್ತವೆ.

ಅವರಿಗೆ ರೆಫರಲ್ ಬೋನಸ್ ಬರುತ್ತದಲ್ಲ, ಮತ್ತೆ ಥ್ಯಾಂಕ್ಸ್ ಯಾಕೆ?

ಬೋನಸ್ ಬರುವುದು ನಿಜ, ಎಲ್ಲರಿಗೂ ಅಲ್ಲ. ಬಹಳ ಕಂಪನಿಗಳಲ್ಲಿ ಎಚ್‌ಆರ್‌ನವರಿಗೆ, ಆ ಹುದ್ದೆಗೆ ಆಯ್ಕೆ ಮಾಡುವ ಮ್ಯಾನೇಜರ್‌ಗೆ, ಒಂದು ಮಟ್ಟಕ್ಕಿಂತ ಮೇಲಿರುವವರಿಗೆ ಬೋನಸ್ ಇಲ್ಲ. ಬರುವವರಿಗೂ ನೀವು ಸೇರಿದ ದಿನವೇ ಬರುವುದಿಲ್ಲ. ನೀವು ಮೂರು ತಿಂಗಳೋ ಆರು ತಿಂಗಳೋ ಉಳಿದ ಮೇಲೆ ಸಂಬಳದ ಜೊತೆ ಸೇರಿಸಿ ಕೊಡುತ್ತಾರೆ. ಅದು ಸಂಬಳದ ಲೆಕ್ಕಕ್ಕೇ ಸೇರುವುದರಿಂದ ಟಿಡಿಎಸ್ ಕಡಿತವೂ ಆಗುತ್ತದೆ. ನಿಮಗೆ ಕೆಲಸ ಸಿಗದಿದ್ದರೆ ಅವರಿಗೆ ಸೊನ್ನೆ. ಪೋರ್ಟಲ್‌ನಲ್ಲಿ "ಇವರು ನಿಮಗೆ ಹೇಗೆ ಗೊತ್ತು?" ಅನ್ನುವ ಪ್ರಶ್ನೆಗೆ ನಿಮ್ಮ ಬಗ್ಗೆ ಎರಡು ಸಾಲು ಬರೆದಿದ್ದಂತೂ ಕೆಲಸ ಸಿಕ್ಕರೂ ಸಿಗದಿದ್ದರೂ ನಿಜ. ಥ್ಯಾಂಕ್ಸ್ ಅದಕ್ಕೆ.

ಬೋನಸ್ ವಿಷಯವನ್ನು ನೀವಾಗಿ ಎತ್ತಬೇಡಿ. "ಎಷ್ಟು ಬಂತು?" ಅನ್ನುವುದು, ತಮಾಷೆಗೂ "ನನಗೆ ಪಾಲು?" ಅನ್ನುವುದು ಬೇಡ.

ಇದಕ್ಕೆ ಉಲ್ಟಾ, ರೆಫರ್ ಮಾಡಲು ದುಡ್ಡು ಕೇಳುವವರೂ ಇದ್ದಾರೆ. ಅವರಿಗೆ ಥ್ಯಾಂಕ್ಸೂ ಬೇಡ, ದುಡ್ಡೂ ಬೇಡ. ದುಡ್ಡು ತೆಗೆದುಕೊಂಡು ರೆಫರ್ ಮಾಡುವುದು ಕಂಪನಿಯ ನಿಯಮಕ್ಕೆ ವಿರುದ್ಧ. ಎಷ್ಟೋ ಸಲ ಅಂಥವರು ಆ ಕಂಪನಿಯಲ್ಲೇ ಇರುವುದಿಲ್ಲ.

ಆಫರ್ ಬಂದಿದೆ, ಆದರೆ ನಾನು ಸೇರುವುದಿಲ್ಲ. ಅವರಿಗೆ ಹೇಗೆ ಹೇಳಲಿ?

ಎಚ್‌ಆರ್‌ಗೆ ಹೇಳುವ ದಿನವೇ, ಸಾಧ್ಯವಾದರೆ ಅರ್ಧ ಗಂಟೆ ಮುಂಚೆ, ಫೋನ್ ಮಾಡಿ ಹೇಳಿ. ಇದೊಂದು ಸಂದರ್ಭದಲ್ಲಿ ಮೆಸೇಜ್ ಸಾಲದು. ಕಾರಣ ಸರಳ. ನೀವು ಒಲ್ಲೆ ಅಂದ ಕೂಡಲೇ ರಿಕ್ರೂಟರ್ ಮಾಡುವ ಮೊದಲ ಕೆಲಸ ರೆಫರ್ ಮಾಡಿದವರಿಗೆ ಫೋನ್ ಮಾಡುವುದು. "ನಿಮ್ಮವರು ಬರಲ್ವಂತೆ, ಸ್ವಲ್ಪ ಮಾತಾಡಿ" ಅನ್ನುತ್ತಾರೆ. ಆಗ ಇವರಿಗೆ ಏನೂ ಗೊತ್ತಿಲ್ಲದಿದ್ದರೆ ಪೆಚ್ಚಾಗುತ್ತದೆ. ಗೊತ್ತಿದ್ದರೆ "ಹೌದು, ನನಗೂ ಹೇಳಿದಾರೆ" ಅಂತ ಒಂದು ಮಾತಿನಲ್ಲಿ ಮುಗಿಸಬಹುದು.

ಫೋನಿನಲ್ಲಿ ಹೇಳುವುದು ಹೆಚ್ಚೇನಿಲ್ಲ: "ಸರ್, ಒಂದು ವಿಷಯ ಬೇರೆಯವರಿಂದ ಗೊತ್ತಾಗೋದಕ್ಕಿಂತ ಮುಂಚೆ ನಾನೇ ಹೇಳಬೇಕು ಅಂತ ಫೋನ್ ಮಾಡಿದೆ. ಆಫರ್ ತಗೊಳ್ತಾ ಇಲ್ಲ. ಮೈಸೂರಿನಲ್ಲೇ ಒಂದು ಕೆಲಸ ಸಿಕ್ತು, ಅಪ್ಪ ಅಮ್ಮನ ಜೊತೆ ಇರಬಹುದು. ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕ್ತೀನಿ. ನೀವು ಇಷ್ಟು ಮಾಡಿದ್ದೀರಿ, ಅದಕ್ಕೆ ಥ್ಯಾಂಕ್ಸ್ ಸರ್." ಇರುವ ಕಾರಣವನ್ನೇ ಹೇಳಿ. ದುಡ್ಡು ಜಾಸ್ತಿ ಸಿಕ್ಕಿದ್ದರೆ "ಇನ್ನೊಂದು ಕಡೆ ಒಳ್ಳೆಯ ಆಫರ್ ಬಂತು" ಅಂದರೆ ಸಾಕು. ಮನೆಯಲ್ಲಿ ಹುಷಾರಿಲ್ಲ ಅಂತ ಸುಳ್ಳು ಹೇಳಿ, ಒಂದು ತಿಂಗಳಲ್ಲಿ ಲಿಂಕ್ಡ್‌ಇನ್‌ನಲ್ಲಿ ಬೇರೆ ಕಂಪನಿಯ ಹೆಸರು ಹಾಕಿಕೊಂಡವರನ್ನು ನೋಡಿದ್ದೇನೆ. ಅಲ್ಲಿಗೆ ಆ ಸಂಬಂಧ ಮುಗಿದಂತೆಯೇ.

ಯಾವಾಗ ಹೇಳುತ್ತೀರಿ ಅನ್ನುವುದರ ಮೇಲೂ ಬಹಳ ಇದೆ. ಆಫರ್ ಬಂದ ವಾರದಲ್ಲೇ ಬೇಡ ಅಂದರೆ ಯಾರಿಗೂ ಬೇಸರವಿಲ್ಲ. ಒಪ್ಪಿಕೊಂಡು, 90 ದಿನದ ನೋಟಿಸ್ ಪೀರಿಯಡ್‌ನಲ್ಲಿ ಬೇರೆ ಆಫರ್‌ಗಳನ್ನು ಹುಡುಕುತ್ತಾ, ಸೇರುವ ಹಿಂದಿನ ದಿನ ಬರುವುದಿಲ್ಲ ಅನ್ನುವುದು ಇನ್ನೊಂದು ರೀತಿ. ಇದು ಎಷ್ಟು ನಡೆಯುತ್ತದೆ ಅಂದರೆ ರಿಕ್ರೂಟರ್‌ಗಳು ವಾರಕ್ಕೊಂದು ಸಲ ಫೋನ್ ಮಾಡಿ "ಬರ್ತೀರಾ ತಾನೇ?" ಅಂತ ಕೇಳುವುದೇ ಒಂದು ಕೆಲಸವಾಗಿದೆ. ಅಷ್ಟು ದಿನ ಟೀಮ್ ನಿಮಗಾಗಿ ಕಾದಿರುತ್ತದೆ, ಬೇರೆ ಅಭ್ಯರ್ಥಿಗಳನ್ನು ಬಿಟ್ಟಿರುತ್ತದೆ. ಮುಂದಿನ ಸಲ ಅದೇ ಟೀಮಿಗೆ ರೆಫರ್ ಮಾಡಲು ಅವರಿಗೆ ಮುಜುಗರ. ಮನಸ್ಸು ಅಲ್ಲಾಡುತ್ತಿದೆ ಅನ್ನಿಸಿದ ದಿನವೇ ಅವರಿಗೆ ಒಂದು ಸುಳಿವು ಕೊಡಿ. ಅವರು ಎಚ್‌ಆರ್‌ಗೆ ಹೇಳಿಬಿಡುತ್ತಾರೆ ಅನ್ನುವ ಭಯವಿದ್ದರೆ ಕೊನೇ ಪಕ್ಷ ನಿರ್ಧಾರವಾದ ದಿನ ಹೇಳಿ. ಆದರೆ ಮರುದಿನಕ್ಕೆ ಮುಂದೂಡಬೇಡಿ.

ದೊಡ್ಡಪ್ಪನ ಸ್ನೇಹಿತರ ಮಗ ರೆಫರ್ ಮಾಡಿದ್ದು. ಯಾರಿಗೆ ತಿಳಿಸಬೇಕು?

ಇಬ್ಬರಿಗೂ, ಬೇರೆ ಬೇರೆಯಾಗಿ. ನಮ್ಮಲ್ಲಿ ರೆಫರಲ್ ಹೀಗೆ ಎರಡು ಮೂರು ಮನೆ ದಾಟಿ ಬರುವುದೇ ಜಾಸ್ತಿ. ಪೋರ್ಟಲ್‌ನಲ್ಲಿ ಹೆಸರು ಹಾಕಿದವರಿಗೆ ಹಂತ, ದಿನಾಂಕ ಎಲ್ಲ ನೇರವಾಗಿ ನೀವೇ ತಿಳಿಸಿ. "ದೊಡ್ಡಪ್ಪ ಹೇಳಿರ್ತಾರೆ" ಅಂತ ಬಿಡಬೇಡಿ, ಅವರು ಮರೆತಿರುತ್ತಾರೆ. ದೊಡ್ಡಪ್ಪನಿಗೆ ಫೋನ್ ಮಾಡಿ "ಆಯ್ತು" ಅಥವಾ "ಈ ಸಲ ಆಗಲಿಲ್ಲ, ಅವರು ಮಾತ್ರ ತುಂಬಾ ಸಹಾಯ ಮಾಡಿದರು" ಅಂತ ಹೇಳಿ. ಆ ಕೊನೆಯ ಮಾತು ಮುಖ್ಯ. ಅದು ಹೇಗಿದ್ದರೂ ಸ್ನೇಹಿತರ ಮನೆ ತಲುಪುತ್ತದೆ. ಬರೀ "ಆಗಲಿಲ್ಲ" ಅಂದುಬಿಟ್ಟರೆ, ಮುಂದಿನ ಮದುವೆ ಮನೆಯಲ್ಲಿ ದೊಡ್ಡಪ್ಪ ತಮ್ಮ ಸ್ನೇಹಿತರನ್ನು "ಏನಯ್ಯಾ, ನಿನ್ನ ಮಗ ಸರಿಯಾಗಿ ಹೇಳಲಿಲ್ವಾ?" ಅಂತ ಎಲ್ಲರೆದುರಿಗೆ ಕೇಳುವ ಅಪಾಯವಿದೆ.

ಅಪ್ಪ ಅಮ್ಮ ನಿಮ್ಮ ಪರವಾಗಿ ರೆಫರ್ ಮಾಡಿದವರಿಗೆ ಫೋನ್ ಮಾಡುವುದನ್ನು ತಡೆಯಿರಿ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ "ಹೇಗಾದರೂ ಮಾಡಿ ಒಂದು ದಾರಿ ಮಾಡಿಕೊಡಪ್ಪ" ಅಂದಾಗ ಆ ಕಡೆಯವರಿಗೆ ಹೇಗಾಗಬೇಡ.

ಸ್ವೀಟ್ ಕೊಡಬಹುದೇ? ಗಿಫ್ಟ್?

ಸೇರಿದ ಮೇಲೆ ಒಂದು ಡಬ್ಬಿ ಮೈಸೂರು ಪಾಕು, ಧಾರವಾಡದವರಾದರೆ ಪೇಡ, ಬೆಳಗಾವಿಯವರಾದರೆ ಕುಂದಾ. ಅವರ ಟೀಮಿನವರೂ ತಿನ್ನುವಷ್ಟಿದ್ದರೆ ಇನ್ನೂ ಚೆಂದ. ಅಥವಾ ಒಂದು ಊಟ. ಅದಕ್ಕಿಂತ ದೊಡ್ಡದು ಬೇಡ. ವಾಚು, ಗಿಫ್ಟ್ ವೋಚರ್, ದುಡ್ಡಿನ ಕವರ್ ಇವೆಲ್ಲ ಕಂಪನಿಗಳ ಗಿಫ್ಟ್ ನಿಯಮದ ಗಡಿಗೆ ಬರುತ್ತವೆ, ತೆಗೆದುಕೊಂಡವರಿಗೆ ತೊಂದರೆ. ಇಂಟರ್‌ವ್ಯೂ ನಡೆಯುತ್ತಿರುವಾಗಲಂತೂ ಏನನ್ನೂ ಕೊಡಬೇಡಿ, ಕಾಫಿ ಬಿಲ್ ಬಿಟ್ಟು.

ವಾಟ್ಸಾಪ್ ಸಾಕೇ, ಮೇಲ್ ಹಾಕಬೇಕೇ?

ಅವರು ನಿಮ್ಮ ಹತ್ತಿರ ಯಾವುದರಲ್ಲಿ ರೆಸ್ಯೂಮೆ ತರಿಸಿಕೊಂಡರೋ ಅದರಲ್ಲೇ. ಅವರ ಆಫೀಸ್ ಮೇಲ್‌ಗೆ ಮಾತ್ರ ಬೇಡ. ಇನ್ನೊಂದು ಕಂಪನಿಯ ಆಫರ್, ಪ್ಯಾನೆಲ್ ಬಗ್ಗೆ ದೂರು ಇಂಥದ್ದೆಲ್ಲ ಅಲ್ಲಿ ಇರಬಾರದು. ಲಿಂಕ್ಡ್‌ಇನ್‌ನಲ್ಲಷ್ಟೇ ಪರಿಚಯ ಇರುವವರಿಗೆ ಎರಡು ಸಾಲು ಸಾಕು. ಮುಂದೆ ಎಂದೋ ಮತ್ತೆ ಬರೆದಾಗ ಹಳೇ ಮೆಸೇಜ್ ಮೇಲೆಯೇ ಕಾಣುತ್ತದೆ, ನೀವು ಯಾರು ಅಂತ ಮತ್ತೆ ಹೇಳಬೇಕಾಗಿಲ್ಲ.

ಫಲಿತಾಂಶ ಬಂದು ತಿಂಗಳುಗಳೇ ಆದವು, ಹೇಳಲೇ ಇಲ್ಲ. ಈಗ ಹೇಳಿದರೆ ಮುಜುಗರ ಅಲ್ವಾ?

ಮುಜುಗರ ಇರುತ್ತದೆ, ಆದರೂ ಹೇಳಿ. ತಡವಾದದ್ದಕ್ಕೆ ಒಂದೇ ಸಾಲು: "ಆಗಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ, ತಪ್ಪಾಯ್ತು." ಆಮೇಲೆ ನೇರವಾಗಿ ಫಲಿತಾಂಶ, ಥ್ಯಾಂಕ್ಸ್. ಕಾರಣಗಳ ಪುರಾಣ ಬೇಡ. ಆದರೆ ಒಂದು ಷರತ್ತು. ಅವರಿಂದ ಇನ್ನೊಂದು ರೆಫರಲ್ ಬೇಕಾದ ದಿನವೇ ಈ ಮೆಸೇಜ್ ಕಳಿಸಬೇಡಿ. ಯಾಕೆ ನೆನಪಾಯ್ತು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಸೇರಿ ಎರಡೇ ತಿಂಗಳಲ್ಲಿ ಬಿಡಬೇಕಾಗಿದೆ. ಅದನ್ನೂ ಹೇಳಬೇಕೇ?

ಹೇಳಿ, ರಾಜೀನಾಮೆ ಕೊಡುವ ಮುಂಚೆ. ಬೋನಸ್ ಅವಧಿ ಮುಗಿದಿರದಿದ್ದರೆ ಅವರಿಗೆ ಬರಬೇಕಾದ್ದು ಬರುವುದಿಲ್ಲ. ಅದಕ್ಕಾಗಿ ನೀವು ಉಳಿಯಬೇಕಾಗಿಲ್ಲ, ಅವರೂ ಹಾಗೆ ಕೇಳಲಾರರು. ಆದರೆ ನಿಮ್ಮ ಮ್ಯಾನೇಜರ್ ನಾಳೆ ಲಿಫ್ಟ್‌ನಲ್ಲಿ ಅವರನ್ನು ಹಿಡಿದು ಕೇಳುತ್ತಾರೆ. ಒಮ್ಮೊಮ್ಮೆ ಟೀಮ್ ಬದಲಾಯಿಸಿಕೊಳ್ಳುವ ದಾರಿ ಅವರಿಗೆ ಗೊತ್ತಿರುತ್ತದೆ, ಆಗ ಬಿಡುವ ಮಾತೇ ಬರದೆ ಹೋಗಬಹುದು.

ರೆಫರ್ ಮಾಡಿದವರೇ ಈಗ ಆ ಕಂಪನಿ ಬಿಟ್ಟಿದ್ದಾರೆ. ಇನ್ನೂ ತಿಳಿಸಬೇಕೇ?

ತಿಳಿಸಿ. ಅವರಿಗೆ ಈಗ ಪೋರ್ಟಲ್ ಕೂಡ ಕಾಣುವುದಿಲ್ಲ, ನಿಮ್ಮಿಂದ ಬಿಟ್ಟರೆ ಸುದ್ದಿ ಬರುವ ದಾರಿಯೇ ಇಲ್ಲ. ಅವರು ಬಿಟ್ಟ ಕಾರಣ ಮಾತ್ರ ಕೇಳಲು ಹೋಗಬೇಡಿ. ನೀವಿನ್ನೂ ಆಫರ್ ಒಪ್ಪಿಕೊಳ್ಳುವ ಮುಂಚಿನ ಹಂತದಲ್ಲಿದ್ದರೆ, ಆಗ ಖಂಡಿತ ಕೇಳಿ.